ಎಟಿಎಂನಲ್ಲಿ ಬಾರದ ಹಣ: ಬ್ಯಾಂಕ್ ಗ್ರಾಹಕ ಸೇವಾ ಕೇಂದ್ರದ ದೂರು ನಿರ್ವಹಣೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಬರುವ ದೂರುಗಳಲ್ಲಿ ಹಲವು ಬಗೆಯಿವೆ. ಇಲ್ಲಿ ಹಿಡಿದಿರುವುದು ಒಂದೇ ಬಗೆ: ಖಾತೆಯಿಂದ ಹಣ ಹೋಗಿದೆ, ಆದರೆ ಕೈಗೆ ಬಂದಿಲ್ಲ ಅಥವಾ ಸೇರಬೇಕಾದವರಿಗೆ ಸೇರಿಲ್ಲ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇದಕ್ಕೆ ರಿಸರ್ವ್ ಬ್ಯಾಂಕ್ ದಿನದ ಲೆಕ್ಕ ಹಾಕಿಕೊಟ್ಟಿದೆ, ತಡವಾದರೆ ದಂಡವನ್ನೂ ಗೊತ್ತುಮಾಡಿದೆ. ಹೊಸದಾಗಿ ಕರೆ ತೆಗೆದುಕೊಳ್ಳುವವರು, ಟೀಮ್ ಲೀಡರ್‌ಗಳು, ನೋಡಲ್ ಅಧಿಕಾರಿಯ ಕಚೇರಿಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಮೊದಲ ಕರೆ

"ದುಡ್ಡು ಬರಲಿಲ್ಲ, ಆದರೆ ಕಟ್ ಆಗಿದೆ ಅಂತ ಫೋನ್ ಬಂದರೆ ಮೊದಲು ಏನು ಕೇಳಬೇಕು?"

ಮೊದಲು ಕೇಳಬೇಕಾದ್ದು ಎಟಿಎಂ ಯಾವ ಬ್ಯಾಂಕಿನದು ಎಂದು. ನಮ್ಮ ಕಾರ್ಡು ನಮ್ಮದೇ ಯಂತ್ರದಲ್ಲಿ ಬಳಕೆಯಾಗಿದ್ದರೆ ದಾಖಲೆ ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ. ಬೇರೆ ಬ್ಯಾಂಕಿನ ಯಂತ್ರವಾದರೆ ಅವರಿಂದ ಉತ್ತರ ತರಿಸಿಕೊಳ್ಳಬೇಕು, ದೂರು ದಾಖಲಿಸಿದ ಟಿಕೆಟ್ ಹೋಗುವ ದಾರಿಯೇ ಬೇರೆ. ಗ್ರಾಹಕರು "ನಿಮ್ಮ ಎಟಿಎಂ" ಎಂದೇ ಹೇಳುವುದು ರೂಢಿ. ಕಾರ್ಡು ನಮ್ಮದಾದ್ದರಿಂದ ಹಾಗೆನ್ನುತ್ತಾರೆ. ಹಾಗಾಗಿ "ಎಟಿಎಂ ಹೊರಗೆ ಯಾವ ಬ್ಯಾಂಕಿನ ಬೋರ್ಡ್ ಇತ್ತು?" ಎಂದೇ ಕೇಳಿ.

ಆಮೇಲೆ ವಹಿವಾಟಿನ ದಿನಾಂಕ, ಅಂದಾಜು ಸಮಯ, ಮೊತ್ತ, ಮತ್ತು ನೋಟು ಒಂದೂ ಬರಲಿಲ್ಲವೋ ಇಲ್ಲ ಕಡಿಮೆ ಬಂತೋ ಎಂಬುದನ್ನು ಕೇಳಿ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. 10,000 ಕೇಳಿ 8,500 ಬಂದಿದ್ದರೆ ದೂರು 1,500ದ್ದು. ಅದನ್ನು 10,000 ಎಂದು ಬರೆದರೆ "ಹಣ ವಿತರಣೆಯಾಗಿದೆ" ಎಂಬ ಉತ್ತರ ಬಂದು ದೂರು ಬಿದ್ದುಹೋಗುತ್ತದೆ.

ಚೀಟಿ ಅಥವಾ ಎಸ್ಎಂಎಸ್‌ನಲ್ಲಿ ವಹಿವಾಟಿನ ಗುರುತು ಸಂಖ್ಯೆಯಾದ 12 ಅಂಕಿಯ ಆರ್‌ಆರ್‌ಎನ್ ಇದ್ದರೆ ಬರೆದುಕೊಳ್ಳಿ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಎಂಬುದು. 5062 ಎಂದು ಶುರುವಾದರೆ 2025ರ 62ನೇ ದಿನ, ಎಂದರೆ ಮಾರ್ಚ್ 3. ಗ್ರಾಹಕರು ಹೇಳಿದ ದಿನಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಅವರು ಬೇರೆ ವಹಿವಾಟಿನ ಎಸ್ಎಂಎಸ್ ಓದುತ್ತಿದ್ದಾರೆ ಎಂದು ಕರೆಯಲ್ಲೇ ಗೊತ್ತಾಗುತ್ತದೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಪಿನ್, ಒಟಿಪಿ, ಕಾರ್ಡ್ ಹಿಂದಿನ ಮೂರು ಅಂಕಿಗಳನ್ನು ಯಾವ ಕಾರಣಕ್ಕೂ ಕೇಳುವಂತಿಲ್ಲ.

"ಒಂದು ದಿನ ಕಾಯಿರಿ, ತಾನಾಗೇ ವಾಪಸ್ ಬರುತ್ತೆ ಅಂತ ಹೇಳಿ ಕರೆ ಮುಗಿಸಬಹುದಾ? ಎಲ್ಲದಕ್ಕೂ ಟಿಕೆಟ್ ಮಾಡಲೇಬೇಕಾ?"

ಮಾಡಲೇಬೇಕು. ಬಹಳಷ್ಟು ಹಣ ತಾನಾಗಿಯೇ ವಾಪಸಾಗುತ್ತದೆ ಎನ್ನುವುದು ನಿಜ. ಆದರೂ ಟಿಕೆಟ್ ಇಲ್ಲದ ಕರೆ ದೂರಿನ ಲೆಕ್ಕಕ್ಕೇ ಸೇರುವುದಿಲ್ಲ. ನಾಲ್ಕು ದಿನ ಬಿಟ್ಟು ಗ್ರಾಹಕರು ಮತ್ತೆ ಕರೆ ಮಾಡಿದಾಗ ಅದನ್ನು ಹೊಸ ದೂರೆಂದು ದಾಖಲಿಸಿದರೆ ದೂರಿಗೆ ಅಂತಿಮ ಉತ್ತರ ಕೊಡಬೇಕಾದ 30 ದಿನದ ಲೆಕ್ಕ ತಪ್ಪು ದಿನಾಂಕದಿಂದ ಶುರುವಾಗುತ್ತದೆ. ಮೊದಲ ಕರೆಯ ಧ್ವನಿಮುದ್ರಣ ಹೇಗೂ ಇರುತ್ತದೆ. ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಮುಂದೆ ಪ್ರಕರಣ ಹೋದಾಗ ಸಿಕ್ಕಿಬೀಳುವವರು ನಾವೇ.

"ಬ್ಯಾಲೆನ್ಸ್ ಎಷ್ಟಿದೆ", "ಹತ್ತಿರದ ಎಟಿಎಂ ಎಲ್ಲಿ" ಎನ್ನುವುದು ವಿಚಾರಣೆ. "ಚೆಕ್ ಬುಕ್ ಕಳಿಸಿ" ಎನ್ನುವುದು ಕೋರಿಕೆ. "ಆಗಬೇಕಾದ್ದು ಆಗಿಲ್ಲ" ಎಂದ ಕ್ಷಣ ಅದು ದೂರು. ಕಳಿಸಿದ ಕೋರಿಕೆ ಈಡೇರದೆ ಎರಡನೇ ಸಲ ಫೋನ್ ಬಂದರೆ ಅದೂ ದೂರೇ. ತಿಂಗಳ ವರದಿ ಚೆನ್ನಾಗಿ ಕಾಣಲೆಂದು ದೂರನ್ನು ವಿಚಾರಣೆ ಎಂದು ಬರೆಯುವ ಚಾಳಿ ಅನೇಕ ಕೇಂದ್ರಗಳಲ್ಲಿದೆ.

"ಹಣ ವಾಪಸಿಗೆ ಐದು ದಿನ ಅಂದ್ರೆ ಯಾವತ್ತಿಂದ? ಭಾನುವಾರ ಲೆಕ್ಕಕ್ಕೆ ಬರುತ್ತಾ?"

ವಹಿವಾಟು ನಡೆದ ದಿನದಿಂದ. ಭಾನುವಾರ, ಹಬ್ಬ, ಬ್ಯಾಂಕ್ ರಜೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಗೆ ಬಂತು. ಅದರಲ್ಲಿ ವಹಿವಾಟಿನ ದಿನವನ್ನು 'ಟಿ' ಎಂದು ಕರೆದು, ಅದು ಕ್ಯಾಲೆಂಡರ್ ದಿನ ಎಂದು ಬಿಡಿಸಿ ಹೇಳಿದ್ದಾರೆ. ಎಟಿಎಂನಲ್ಲಿ ಬಾರದ ಹಣವನ್ನು ಟಿ+5ರ ಒಳಗೆ ಖಾತೆಗೆ ಹಿಂದಿರುಗಿಸಬೇಕು. ಅದು ದಾಟಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಖಾತೆಗೆ ಹಾಕಬೇಕು. ಗ್ರಾಹಕರು ದೂರು ಕೊಟ್ಟಿರಲಿ, ಬಿಡಲಿ, ಕೇಳಲಿ, ಕೇಳದಿರಲಿ, ಬ್ಯಾಂಕೇ ಮುಂದಾಗಿ ಹಾಕಬೇಕು.

ಹಳೆಯ ಸಿಬ್ಬಂದಿ ಇಂದಿಗೂ "ದೂರು ಕೊಟ್ಟ ಮೇಲೆ ಏಳು ಕೆಲಸದ ದಿನ" ಎನ್ನುವುದುಂಟು. ಅದು 2011ರ ನಿಯಮ. ಆಗ ಲೆಕ್ಕ ದೂರಿನ ದಿನದಿಂದ ಶುರುವಾಗುತ್ತಿತ್ತು. ನಿಯಮ ಬದಲಾದರೂ ಕರೆಯಲ್ಲಿ ಓದುವ ಸ್ಕ್ರಿಪ್ಟ್ ಬದಲಾಗದ ಕಡೆ ಈ ತಪ್ಪು ಉಳಿದುಕೊಂಡಿದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ "ಏಳು ಕೆಲಸದ ದಿನ" ಇದ್ದರೆ ಇವತ್ತೇ ತೆಗೆಸಿ.

"ಯುಪಿಐಗೂ ಇದೇ ಐದು ದಿನಾನಾ?"

ಯಾರಿಗೆ ಕಳಿಸಿದ್ದು ಎಂಬುದರ ಮೇಲಿದೆ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದು ಅಲ್ಲಿ ಜಮೆಯಾಗದಿದ್ದರೆ ಗಡುವು ಟಿ+1. ಐಎಂಪಿಎಸ್‌ಗೂ ಅಷ್ಟೇ. ಅಂಗಡಿಗೆ ಕೊಟ್ಟ ಹಣ ಇಲ್ಲಿಂದ ಕಡಿತವಾಗಿ ಅಂಗಡಿಯವರಿಗೆ ಖಾತ್ರಿ ಬಾರದಿದ್ದರೆ ಟಿ+5. ಕಾರ್ಡ್ ಉಜ್ಜುವ ಯಂತ್ರಕ್ಕೂ ಆನ್‌ಲೈನ್ ಖರೀದಿಗೂ ಟಿ+5. ತಡಕ್ಕೆ ದಿನಕ್ಕೆ 100 ರೂಪಾಯಿ ಎನ್ನುವುದು ಎಲ್ಲದಕ್ಕೂ ಒಂದೇ.

ಹಾಗಾಗಿ ಯುಪಿಐ ಟಿಕೆಟ್‌ನಲ್ಲಿ "ವ್ಯಕ್ತಿಗೋ, ಅಂಗಡಿಗೋ" ಎಂಬ ಕಾಲಂ ಖಾಲಿ ಬಿಡಬಾರದು. ತಪ್ಪು ನಂಬರಿಗೆ ಗ್ರಾಹಕರೇ ಕಳಿಸಿದ ಹಣ ಈ ನಿಯಮದಡಿ ಬರುವುದಿಲ್ಲ. ಅಲ್ಲಿ ವಹಿವಾಟು ಯಶಸ್ವಿಯಾಗಿರುತ್ತದೆ.

## ಹಂತಗಳು

"ಎಲ್1, ಎಲ್2, ಎಲ್3 ಅಂತೀರಲ್ಲ, ಯಾರು ಏನು ಮಾಡ್ತಾರೆ? ಯಾರಿಗೆ ಎಷ್ಟು ದಿನ?"

ಹೊರಗಿನ ಗಡುವು ರಿಸರ್ವ್ ಬ್ಯಾಂಕಿನದು, ಒಳಗಿನ ಹಂಚಿಕೆ ನಮ್ಮದು. ಹೊರಗಿನ ಗಡುವುಗಳು ಮೂರು. ವಹಿವಾಟಿನ ದಿನದಿಂದ ಟಿ+5, ದೂರು ಬಂದ ದಿನದಿಂದ 20 ದಿನ, ದೂರು ಬಂದ ದಿನದಿಂದ 30 ದಿನ. ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದರೆ ಒಳಗಿನ ಹಂತಗಳಿಗೆ ಎಷ್ಟು ಉಳಿಯುತ್ತದೆಂದು ಕಾಣುತ್ತದೆ. ಕೆಳಗಿನ ಹಂಚಿಕೆ ನಾವು ಸೂಚಿಸುವುದು.

ಎಲ್1 ಕರೆ ತೆಗೆದುಕೊಳ್ಳುವವರು. ದೂರು ಸಂಖ್ಯೆಯನ್ನು ಕರೆಯಲ್ಲೇ ಕೊಡಬೇಕು, ಎಸ್ಎಂಎಸ್ ಹೋಗಬೇಕು, ವಹಿವಾಟು ತಾನಾಗಿ ವಾಪಸಾಗಿದೆಯೇ ಎಂದು ಅಲ್ಲೇ ನೋಡಬೇಕು. ಆಗಿಲ್ಲದಿದ್ದರೆ ಅದೇ ದಿನ ಎಲ್2ಗೆ ದಾಟಿಸಬೇಕು. ಎಲ್1ನಲ್ಲಿ ದೂರು ಒಂದು ರಾತ್ರಿ ಮಲಗಿದರೂ ಟಿ+5ರಲ್ಲಿ ಒಂದು ದಿನ ಹೋಯಿತು.

ಎಲ್2 ಎಂದರೆ ಎಟಿಎಂ ಲೆಕ್ಕ ತಾಳೆ ನೋಡುವ ವಿಭಾಗ. ನಮ್ಮದೇ ಯಂತ್ರವಾದರೆ ಯಂತ್ರದ ಜರ್ನಲ್ ಲಾಗ್, ವಹಿವಾಟಿನ ಅನುಮತಿ ದಾಟಿಸುವ ಸ್ವಿಚ್ಚಿನ ದಾಖಲೆ, ನಗದು ತುಂಬುವವರ ತಾಳೆ ಪಟ್ಟಿ ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬೇರೆ ಬ್ಯಾಂಕಿನದಾದರೆ ಬ್ಯಾಂಕುಗಳ ನಡುವಿನ ವಹಿವಾಟು ನಡೆಸುವ ಎನ್‌ಪಿಸಿಐ ವ್ಯವಸ್ಥೆಯಲ್ಲಿ ಚಾರ್ಜ್‌ಬ್ಯಾಕ್ ಹಾಕುತ್ತಾರೆ. ಚಾರ್ಜ್‌ಬ್ಯಾಕ್ ಎಂದರೆ ಆ ಬ್ಯಾಂಕಿನಿಂದ ಹಣ ವಾಪಸ್ ಕೇಳುವುದು. ಇವರ ಗುರಿ ಟಿ+5. ಗಮನಿಸಿ, "ಟಿಕೆಟ್ ಬಂದು ಐದು ದಿನ" ಅಲ್ಲ. ಗ್ರಾಹಕರು ನಾಲ್ಕನೇ ದಿನ ಕರೆ ಮಾಡಿದ್ದರೆ ಎಲ್2ಗೆ ಉಳಿದಿರುವುದು ಒಂದೇ ದಿನ.

ಎಲ್3 ನೋಡಲ್ ಅಧಿಕಾರಿಯ ಕಚೇರಿ. ಟಿ+5 ದಾಟಿದ್ದು, ಎಲ್2 ತಿರಸ್ಕರಿಸಬೇಕೆಂದಿರುವುದು, ಮುಚ್ಚಿದ ಮೇಲೆ ಗ್ರಾಹಕರು ಒಪ್ಪದೆ ಮತ್ತೆ ತೆರೆಸಿದ್ದು, ಇವು ಮೂರೂ ಇಲ್ಲಿಗೆ ಬರಬೇಕು. ದೂರು ಬಂದ 18ನೇ ದಿನಕ್ಕೆ ಇವರ ತೀರ್ಮಾನ ಕೈಯಲ್ಲಿರಬೇಕು. ಯಾಕೆ 18 ಎನ್ನುವುದು, ತಿರಸ್ಕರಿಸಹೊರಟ ದೂರನ್ನು ಬ್ಯಾಂಕಿನೊಳಗೇ ಮತ್ತೆ ಪರಿಶೀಲಿಸುವ ಆಂತರಿಕ ಓಂಬುಡ್ಸ್‌ಮನ್ ಪ್ರಶ್ನೆಯಲ್ಲಿದೆ.

"ಗ್ರಾಹಕರು ಕೂಗಾಡಿದರೆ ಮೇಲಕ್ಕೆ ಕಳಿಸೋದಾ, ಇಲ್ಲ ನಿಯಮ ಇದೆಯಾ?"

ಕೂಗಿದವರ ಟಿಕೆಟ್ ಮೇಲೆ ಹೋಗಿ, ಸುಮ್ಮನಿದ್ದವರದು ಕೆಳಗೆ ಉಳಿದರೆ ಅದು ಹಂತದ ವ್ಯವಸ್ಥೆಯಲ್ಲ. ಮೇಲೆ ಕಳಿಸುವ ಕೆಲಸವನ್ನು ಗಡಿಯಾರಕ್ಕೆ ಬಿಡಿ. ಟಿ+4ರ ಬೆಳಿಗ್ಗೆ ಎಲ್2 ಮೇಲಿನವರಿಗೆ ಎಚ್ಚರಿಕೆ ಹೋಗಬೇಕು, ಟಿ+6 ಶುರುವಾದ ಕೂಡಲೇ ಟಿಕೆಟ್ ತಾನಾಗಿ ಎಲ್3ಕ್ಕೆ ಸರಿಯಬೇಕು. ಯಾರೂ ಗುಂಡಿ ಒತ್ತುವ ಅಗತ್ಯ ಬರಬಾರದು. ಗುಂಡಿ ಇದ್ದರೆ ಒತ್ತಲು ಸಂಕೋಚಪಡುವವರೂ ಇರುತ್ತಾರೆ.

ಸಿಟ್ಟಾದ ಗ್ರಾಹಕರ ಕರೆಯನ್ನು ಟೀಮ್ ಲೀಡರ್‌ಗೆ ಕೊಡಿ, ಬೇಡವೆನ್ನುವುದಿಲ್ಲ. ಅದು ಕರೆಯನ್ನು ದಾಟಿಸಿದಂತೆ, ದೂರನ್ನು ದಾಟಿಸಿದಂತಲ್ಲ. ಟಿಕೆಟ್‌ನ ಹಂತ ಅಲ್ಲೇ ಇರುತ್ತದೆ.

"ಎಟಿಎಂ ಇರುವ ಬ್ಯಾಂಕಿನವರು ಉತ್ತರ ಕೊಟ್ಟಿಲ್ಲ. ಅಲ್ಲಿವರೆಗೆ ಗಡಿಯಾರ ನಿಲ್ಲಿಸಬಹುದಾ?"

ಇಲ್ಲ. ಗ್ರಾಹಕರ ಸಂಬಂಧ ಕಾರ್ಡ್ ಕೊಟ್ಟ ಬ್ಯಾಂಕಿನ ಜೊತೆ. ಎಟಿಎಂ ಇರುವ ಬ್ಯಾಂಕಿನದು ತಡವಾದರೆ ಅದರ ಹೊರೆ ಯಾರ ಮೇಲೆ ಎನ್ನುವುದು ಎರಡು ಬ್ಯಾಂಕುಗಳ ನಡುವಿನ ಮಾತು. ಗ್ರಾಹಕರ ಖಾತೆಗೆ ಪರಿಹಾರ ಹಾಕಬೇಕಾದವರು ನಾವು.

ಸಾಫ್ಟ್‌ವೇರ್‌ನಲ್ಲಿ "ಹೊರಗಿನವರ ಉತ್ತರಕ್ಕೆ ಬಾಕಿ" ಎಂಬ ಸ್ಥಿತಿ ಇಡಬಹುದು, ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯಲು ಅದು ಬೇಕು. ಆದರೆ ಆ ಸ್ಥಿತಿ ಗಡಿಯಾರ ನಿಲ್ಲಿಸಬಾರದು. "ಗ್ರಾಹಕರಿಂದ ಮಾಹಿತಿ ಬಾಕಿ" ಎಂಬುದೂ ಹಾಗೆಯೇ. ಅದರ ದುರುಪಯೋಗ ಹಿಡಿಯುವುದು ಸುಲಭ: ಟಿ+5ರ ಸಂಜೆ ಎಷ್ಟು ಟಿಕೆಟ್‌ಗಳು ಒಮ್ಮೆಗೇ ಈ ಸ್ಥಿತಿಗೆ ಹೋಗಿವೆ ಎಂದು ನೋಡಿ.

"ಆ ಕಡೆಯಿಂದ 'ಟ್ರಾನ್ಸಾಕ್ಷನ್ ಸಕ್ಸೆಸ್' ಅಂತ ಬಂದಿದೆ. ಟಿಕೆಟ್ ಮುಚ್ಚಿಬಿಡಲಾ?"

ಈ ಬಗೆಯ ದೂರಿನಲ್ಲಿ ದೊಡ್ಡ ತಪ್ಪುಗಳಾಗುವುದು ಇಲ್ಲೇ. "ಸಕ್ಸೆಸ್" ಎನ್ನುವುದು ಸ್ವಿಚ್ಚಿನ ಮಾತು. ಯಂತ್ರಕ್ಕೆ ಅನುಮತಿ ಹೋಯಿತು ಎನ್ನುವುದಷ್ಟೇ ಅದರಿಂದ ಖಚಿತ. ನೋಟು ಹೊರಗೆ ಬಂತೇ, ಗ್ರಾಹಕರು ತೆಗೆದುಕೊಂಡರೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಮೊದಲನೆಯದು ಜರ್ನಲ್ ಲಾಗ್. ಯಂತ್ರ ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎಣಿಸಿತು, ಬಾಗಿಲಿಗೆ ತಂದಿತೇ, ನೋಟು ಸಿಕ್ಕಿಕೊಂಡ ದೋಷ ಬಂತೇ ಎಂಬುದು ಸಾಲುಸಾಲಾಗಿ ಅದರಲ್ಲಿರುತ್ತದೆ. ಬೇಡಿದ ವಹಿವಾಟಿನದೇ ಲಾಗ್ ಕಳಿಸಿದ್ದಾರೆಯೇ ಎಂದು ಆರ್‌ಆರ್‌ಎನ್ ಮತ್ತು ಸಮಯ ಹೊಂದಿಸಿ ನೋಡಿ. ಹಿಂದಿನ ಅಥವಾ ಮುಂದಿನ ಗ್ರಾಹಕರ ಪುಟ ಅಂಟಿಸಿ ಕಳಿಸುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ.

ಎರಡನೆಯದು ನಗದು ತಾಳೆ. ಆ ಯಂತ್ರದ ಪೆಟ್ಟಿಗೆಗಳನ್ನು ಮುಂದಿನ ಸಲ ತೆರೆದು ಎಣಿಸಿದಾಗ ಲೆಕ್ಕಕ್ಕಿಂತ ಹೆಚ್ಚು ಹಣ ಸಿಕ್ಕಿತೇ? ತಿರಸ್ಕೃತ ನೋಟುಗಳ ಡಬ್ಬಿಯಲ್ಲಿ ಎಷ್ಟಿತ್ತು? ಗ್ರಾಹಕರಿಗೆ ಬಾರದ ಹಣ ಯಂತ್ರದೊಳಗೆ ಉಳಿದಿದ್ದರೆ ಅದು ಇಲ್ಲಿ 'ಹೆಚ್ಚುವರಿ' ಎಂದು ಕಾಣಲೇಬೇಕು. ಹೆಚ್ಚುವರಿ ಇಲ್ಲ, ಲಾಗ್‌ನಲ್ಲಿ ನೋಟು ಹೊರಬಂದಿದೆ ಎಂದಾದರೆ ಸಿಸಿಟಿವಿ ಕೇಳಬೇಕು. ದೃಶ್ಯವನ್ನು ಎಲ್ಲರೂ ಸದಾಕಾಲ ಇಟ್ಟುಕೊಂಡಿರುವುದಿಲ್ಲ, ಆದ್ದರಿಂದ ಅದನ್ನು ಉಳಿಸಿಡಿ ಎಂಬ ಪತ್ರ ಮೊದಲ ವಾರದಲ್ಲೇ ಹೋಗಲಿ.

"ಒಂದು ಕೇಸು ಮೊದಲಿಂದ ಕೊನೆವರೆಗೆ ದಿನಾಂಕ ಹಾಕಿ ತೋರಿಸ್ತೀರಾ?"

ಲೆಕ್ಕ ತೋರಿಸಲು ಒಂದು ಮಾದರಿ ತೆಗೆದುಕೊಳ್ಳೋಣ. 2025ರ ಮಾರ್ಚ್ 3, ಸೋಮವಾರ. ನಮ್ಮ ಗ್ರಾಹಕರೊಬ್ಬರು ಹಾಸನದಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ 10,000 ರೂಪಾಯಿ ಕೇಳುತ್ತಾರೆ. ಯಂತ್ರ ಸದ್ದು ಮಾಡಿ ಸುಮ್ಮನಾಗುತ್ತದೆ, ಹಣ ಕಡಿತವಾದ ಎಸ್ಎಂಎಸ್ ಬರುತ್ತದೆ. ಅವರು ಎರಡು ದಿನ ಕಾದು ಮಾರ್ಚ್ 5ರಂದು ಕರೆ ಮಾಡುತ್ತಾರೆ.

ಅಲ್ಲಿಗೆ ಎರಡು ಗಡಿಯಾರ ಓಡುತ್ತಿವೆ. ವಹಿವಾಟಿನದು ಮಾರ್ಚ್ 3ರಿಂದ, ಟಿ+5 ಎಂದರೆ ಮಾರ್ಚ್ 8, ಶನಿವಾರ. ದೂರಿನದು ಮಾರ್ಚ್ 5ರಿಂದ, 20ನೇ ದಿನ ಮಾರ್ಚ್ 25, 30ನೇ ದಿನ ಏಪ್ರಿಲ್ 4.

ಎಲ್1 ಅದೇ ದಿನ ದಾಟಿಸುತ್ತದೆ. ಎಲ್2 ಮಾರ್ಚ್ 6ರಂದು ಚಾರ್ಜ್‌ಬ್ಯಾಕ್ ಹಾಕುತ್ತದೆ. ಮಾರ್ಚ್ 8 ದಾಟುತ್ತದೆ, ಉತ್ತರವಿಲ್ಲ. 9ರ ಬೆಳಿಗ್ಗೆ, ಭಾನುವಾರವಾದರೂ, ಟಿಕೆಟ್ ಎಲ್3ಕ್ಕೆ ಸರಿಯುತ್ತದೆ ಮತ್ತು 100 ರೂಪಾಯಿಯ ಎಣಿಕೆ ಶುರುವಾಗುತ್ತದೆ. 12ರಂದು ಉತ್ತರ ಬರುತ್ತದೆ: "ವಹಿವಾಟು ಯಶಸ್ವಿ", ಜೊತೆಗೆ ಲಾಗ್‌ನ ಒಂದು ಪುಟ. ಎಲ್2 ಇಲ್ಲಿಗೇ ಮುಚ್ಚಲು ಹೊರಟಿತ್ತು. ನೋಡಲ್ ಕಚೇರಿಯವರು ಪುಟದ ಸಮಯ ನೋಡಿದರೆ ಅದು ನಾಲ್ಕು ನಿಮಿಷ ಮುಂದಿನ ಇನ್ನೊಬ್ಬರ ವಹಿವಾಟು. 13ರಂದು ಸರಿಯಾದ ಲಾಗ್, ನಗದು ತಾಳೆ ಪಟ್ಟಿ ಕೇಳಿ ಮತ್ತೆ ಬರೆಯುತ್ತಾರೆ. ತಾಳೆಯಲ್ಲಿ 10,000 ಹೆಚ್ಚುವರಿ ಇದೆಯೆಂದು ಒಪ್ಪಿ ಆ ಬ್ಯಾಂಕು ಹಣ ಕಳಿಸುತ್ತದೆ. ಮಾರ್ಚ್ 20ರಂದು ಹಣ ನಮಗೆ ಬರುತ್ತದೆ, ಅದೇ ದಿನ ಗ್ರಾಹಕರ ಖಾತೆಗೆ ಹೋಗುತ್ತದೆ.

ಪರಿಹಾರ ಮಾರ್ಚ್ 9ರಿಂದ 20ರವರೆಗೆ 12 ದಿನಕ್ಕೆ 1,200 ರೂಪಾಯಿ. ಇಲ್ಲಿ ಆಗುವ ತಪ್ಪುಗಳು ಎರಡು. ದೂರಿನ ದಿನದಿಂದ ಐದು ದಿನ ಎಣಿಸಿದರೆ 1,000 ಆಗುತ್ತದೆ, ಗ್ರಾಹಕರಿಗೆ 200 ಕಡಿಮೆ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಇನ್ನೂ ಕಡಿಮೆ. 10,000 ಮತ್ತು 1,200ನ್ನು ಬೇರೆ ಬೇರೆ ನಮೂದಾಗಿ, ವಿವರಣೆಯ ಸಾಲಿನಲ್ಲಿ ದೂರು ಸಂಖ್ಯೆ ಹಾಕಿ ಜಮೆ ಮಾಡಿ. 11,200 ಎಂದು ಒಟ್ಟಿಗೆ ಹಾಕಿದರೆ "ಇದೇನು ಹಣ?" ಎಂದು ಇನ್ನೊಂದು ಕರೆ ಬರುವುದು ಖಂಡಿತ.

## ಕೊನೆಯ ಹಂತಗಳು

"ಆಂತರಿಕ ಓಂಬುಡ್ಸ್‌ಮನ್‌ಗೆ ಯಾವ ದೂರು ಹೋಗಬೇಕು? ಗ್ರಾಹಕರೇ ಅವರಿಗೆ ಬರೆಯಬಹುದಾ?"

ಗ್ರಾಹಕರು ನೇರವಾಗಿ ಬರೆಯುವಂತಿಲ್ಲ. ಬ್ಯಾಂಕು ಪೂರ್ತಿಯಾಗಿ ಅಥವಾ ಭಾಗಶಃ ತಿರಸ್ಕರಿಸಬೇಕೆಂದಿರುವ ದೂರನ್ನು ಬ್ಯಾಂಕೇ ಅವರ ಮುಂದಿಡಬೇಕು. 2023ರ ಡಿಸೆಂಬರ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಇಂಥ ದೂರುಗಳು ಬಂದ 20 ದಿನದೊಳಗೆ ವ್ಯವಸ್ಥೆಯಿಂದಲೇ ತಾನಾಗಿ ಅವರಿಗೆ ಹೋಗಬೇಕು, ಅಂತಿಮ ಉತ್ತರ 30 ದಿನದೊಳಗೆ ಗ್ರಾಹಕರಿಗೆ ತಲುಪಬೇಕು. ಅವರಿಗೆ ಕಡತ ಹೋಗುವಾಗ ಲಾಗ್, ತಾಳೆ ಪಟ್ಟಿ, ನಮ್ಮ ಕಾರಣ ಎಲ್ಲ ಜೊತೆಯಲ್ಲಿರಬೇಕು. ಅದಕ್ಕೇ ಎಲ್3ಕ್ಕೆ 18 ದಿನ ಎಂದದ್ದು, ಎರಡು ದಿನ ಕಡತ ಜೋಡಿಸಲು.

'ಭಾಗಶಃ' ಎಂಬುದನ್ನು ಮರೆಯುವುದು ಹೆಚ್ಚು. ಮೇಲಿನ ಮಾದರಿಯಲ್ಲಿ 10,000 ಕೊಟ್ಟು 1,200 ಕೊಡುವುದಿಲ್ಲ ಎಂದಿದ್ದರೆ ಅದು ಭಾಗಶಃ ತಿರಸ್ಕಾರ. ಎಲ್2 ಅದನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿದರೆ ಆಂತರಿಕ ಓಂಬುಡ್ಸ್‌ಮನ್ ಕಣ್ಣಿಗೆ ಅದು ಬೀಳುವುದೇ ಇಲ್ಲ.

ತಿರಸ್ಕಾರದ ಪತ್ರದಲ್ಲಿ ಕಾರಣ ಇರಬೇಕು, ಆಂತರಿಕ ಓಂಬುಡ್ಸ್‌ಮನ್ ಪರಿಶೀಲಿಸಿದ್ದಾರೆ ಎಂದಿರಬೇಕು, ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿ ಹೋಗಬಹುದು ಎಂದೂ ಇರಬೇಕು. "ನಿಯಮಾನುಸಾರ ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ" ಎಂಬ ಒಂದು ಸಾಲಿನಲ್ಲಿ ಕಾರಣವೇ ಇಲ್ಲ.

"ರಿಸರ್ವ್ ಬ್ಯಾಂಕಿಗೆ ಹೋಗ್ತೀನಿ ಅಂತ ಗ್ರಾಹಕರು ಅಂದರೆ ಏನು ಹೇಳಬೇಕು?"

ದಾರಿ ಹೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಸ್ವೀಕರಿಸುವುದಿಲ್ಲ. ಆದ್ದರಿಂದ ದೂರು ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಲು ನೀವೇ ಹೇಳಿ. "ಅಲ್ಲಿಗೆ ಹೋದರೂ ನಮ್ಮ ಹತ್ತಿರವೇ ಬರುತ್ತೆ" ಎಂಬ ಮಾತು ಕರೆಯ ಧ್ವನಿಮುದ್ರಣದಲ್ಲಿ ಕೇಳಿಸಿದರೆ ಚೆನ್ನಾಗಿರುವುದಿಲ್ಲ.

"ನಾನು ಆ ಎಟಿಎಂಗೆ ಹೋಗೇ ಇಲ್ಲ ಅಂತ ಗ್ರಾಹಕರು ಹೇಳ್ತಿದ್ದಾರೆ. ಇದೂ ಅದೇ ದಾರಿನಾ?"

ಅಲ್ಲ, ಇದು ವಂಚನೆಯ ದೂರು. ಮೊದಲ ಕೆಲಸ ಟಿಕೆಟ್ ಅಲ್ಲ, ಕಾರ್ಡ್ ತಡೆಹಿಡಿಯುವುದು. ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಇಲ್ಲಿ ಲೆಕ್ಕಕ್ಕೆ ಬರುವ ನಿಯಮ 2017ರ ಜುಲೈ 6ರ ಸುತ್ತೋಲೆಯದು. ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದೆ ಮೂರನೆಯವರಿಂದ ಆದದ್ದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆ ಇರುವುದಿಲ್ಲ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಹಣವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನದೊಳಗೆ ತೀರ್ಮಾನವಾಗಬೇಕು. ಇಲ್ಲಿ ಮೂರು ಮತ್ತು ಹತ್ತು ಎಣಿಸುವುದು ಕೆಲಸದ ದಿನದಲ್ಲಿ, ಬಾರದ ಹಣದ ದೂರಿನಲ್ಲಿ ಎಣಿಸುವುದು ಕ್ಯಾಲೆಂಡರ್ ದಿನ. ಎರಡೂ ಬಗೆಯ ದೂರು ಒಂದೇ ಸರತಿಯಲ್ಲಿದ್ದರೆ ಈ ಲೆಕ್ಕಗಳು ಕಲಸಿಹೋಗುತ್ತವೆ, ಸರತಿ ಬೇರೆ ಮಾಡಿ.

"ರಿಪೋರ್ಟ್‌ನಲ್ಲಿ ಎಲ್ಲಾ ಹಂತವೂ ಹಸಿರು. ಆದರೂ ಓಂಬುಡ್ಸ್‌ಮನ್ ಕಡೆಯಿಂದ ದೂರು ಬರ್ತಾನೇ ಇದೆ, ಯಾಕೆ?"

ಪ್ರತಿ ಹಂತಕ್ಕೂ ಟಿಕೆಟ್ ಬಂದ ಹೊತ್ತಿನಿಂದ ಹೊಸ ಗಡಿಯಾರ ಶುರುವಾಗುತ್ತಿರಬೇಕು. ಎಲ್2 ಐದು ದಿನದಲ್ಲಿ ಮುಗಿಸಿತು, ಎಲ್3 ಏಳು ದಿನದಲ್ಲಿ ಮುಗಿಸಿತು, ಎರಡೂ ಹಸಿರು. ಗ್ರಾಹಕರ ಲೆಕ್ಕದಲ್ಲಿ ಹಣ ಹೋಗಿ ಹದಿನೈದು ದಿನ ಕಳೆದಿದೆ. ಇನ್ನೊಂದು ಕಾರಣ, ಮುಚ್ಚಿ ಮತ್ತೆ ತೆರೆದ ಟಿಕೆಟ್‌ಗೆ ಹೊಸ ಸಂಖ್ಯೆ ಸಿಗುತ್ತಿರಬಹುದು.

ಪರೀಕ್ಷೆ ಹೀಗೆ ಮಾಡಿ. ಕಳೆದ ತಿಂಗಳು ಮುಚ್ಚಿದ ಎಟಿಎಂ ಟಿಕೆಟ್‌ಗಳಲ್ಲಿ ಯಾವುದಾದರೂ ಐವತ್ತನ್ನು ತೆಗೆದು, ಟಿಕೆಟ್ ದಿನಾಂಕಗಳನ್ನು ನೋಡದೆ, ಖಾತೆಯ ಪಟ್ಟಿಯಿಂದ ಎರಡೇ ದಿನಾಂಕ ಬರೆದುಕೊಳ್ಳಿ: ಹಣ ಕಡಿತವಾದದ್ದು, ಹಣ ವಾಪಸಾದದ್ದು. ನಡುವೆ ಐದು ದಿನಕ್ಕಿಂತ ಹೆಚ್ಚಿರುವ ಪ್ರತಿಯೊಂದರ ಎದುರಿಗೂ ಪರಿಹಾರದ ನಮೂದು ಇದೆಯೇ ಎಂದು ನೋಡಿ. ಇಲ್ಲದವುಗಳ ಪಟ್ಟಿಯನ್ನು ನೋಡಲ್ ಅಧಿಕಾರಿಗೆ ಕೊಡಿ. ಆ ಗ್ರಾಹಕರು ಕೇಳಿರದಿದ್ದರೂ ಆ ಹಣ ಅವರಿಗೆ ಸಲ್ಲಬೇಕಾದ್ದು.